ಗಂಟು ತಿಕ್ಕಿಸಿಕೊಳ್ಳಬೇಡಿ

“ಬಾಣಂತನಕ್ಕೆ ತವರಿಗೆ ಬಂದಿದ್ದೇನೆ, ಮಗುವಿಗೆ 12 ದಿನ. ಬಲ ಎದೆ ಬಿಗಿದು, ಕಂಕುಳ ಬದಿಗೆ ನಿಂಬೆಹಣ್ಣಿನಷ್ಟು ಗಂಟಾಗಿದೆ, ಮುಟ್ಟಿದರೆ ನೋವು. ಎರೆಯುವ ಅಜ್ಜಿ ಬಿಸಿ ಎಣ್ಣೆ ಹಚ್ಚಿ ತಿಕ್ಕಿ ಕರಗಿಸುತ್ತೇನೆ ಅಂತಾರೆ. ಆ ಎದೆ ಕುಡಿಸೋದು ನಿಲ್ಲಿಸಲೇ?”
– ಒಬ್ಬ ಬಾಣಂತಿ, ದಾವಣಗೆರೆ

ನಿಲ್ಲಿಸಬೇಡಿ ತಂಗಿ. ನಿಲ್ಲಿಸಿದರೆ ಹಾಲು ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಆ ಎದೆಯ ಹಾಲಿನಿಂದ ಕೂಸಿಗೆ ಏನೂ ತೊಂದರೆಯಿಲ್ಲ. (ನಿಮಗೆ ಆಗಲೇ ಅಂಚೆಯಲ್ಲಿ ಉತ್ತರ ಹೋಗಿದೆ, ಇದು ಇಂಥದೇ ಗಂಟಿರುವ ಉಳಿದ ಬಾಣಂತಿಯರಿಗೆ.)

ಅಜ್ಜಿಗೆ ಬೆನ್ನು, ಕಾಲು ಒಪ್ಪಿಸಿ, ಎದೆ ಮಾತ್ರ ಬೇಡ. ಸಾಮಾನ್ಯವಾಗಿ ಇಂಥ ಗಂಟು ಒತ್ತಿ ಹೊರತೆಗೆಯಬಹುದಾದ ಹಾಲಿನ ಗಡ್ಡೆಯಲ್ಲ. ಹಾಲಿನ ನಾಳಗಳ ಸುತ್ತ ಬಾವು ಬಂದು, ನಾಳ ಇಕ್ಕಟ್ಟಾಗಿರುತ್ತದೆ. ತಿಕ್ಕಿದಷ್ಟೂ ಬಾವು ಹೆಚ್ಚುತ್ತದೆ.

ಕುಡಿಸುವ ಮುಂಚೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎರಡು ಮೂರು ನಿಮಿಷ ಇಟ್ಟುಕೊಳ್ಳಿ. ಮಣಿಕಟ್ಟಿನ ಮೇಲಿಟ್ಟು ನೋಡಿದಾಗ ಹಿತವಾಗಿದ್ದರೆ ಅಷ್ಟು ಬಿಸಿ ಸಾಕು. ಹಾಲು ಇಳಿಯಲು ಅದು ನೆರವಾಗುತ್ತದೆ. ದಿನವಿಡೀ ಶಾಖ ಕೊಟ್ಟರೆ ಮಾತ್ರ ಬಾವು ಏರುತ್ತದೆ. ಕುಡಿಸಿದ ಮೇಲೆ ತಣ್ಣೀರ ಬಟ್ಟೆ ಹತ್ತು ನಿಮಿಷ ಇಡಿ. ಬಾಣಂತಿಗೆ ತಂಪು ಎಂದರೆ ನಮ್ಮ ಕಡೆ ಮನೆಯೆಲ್ಲ ಹೌಹಾರುತ್ತದೆ. ಇದರಿಂದ ಕೂಸಿಗೆ ಶೀತವಾಗುವುದಿಲ್ಲ.

ತೊಟ್ಟಿನ ಸುತ್ತಲ ಕಪ್ಪು ಭಾಗವೂ ಬಿಗಿದಿದ್ದರೆ ಕೂಸಿನ ಬಾಯಿ ಜಾರುತ್ತದೆ. ತೊಟ್ಟಿನ ಬುಡದ ಸುತ್ತ ಬೆರಳ ತುದಿಗಳನ್ನಿಟ್ಟು, ಒಂದು ನಿಮಿಷ ಎದೆಗೂಡಿನ ಕಡೆಗೆ ಮೆಲ್ಲಗೆ ಒತ್ತಿ ಹಿಡಿಯಿರಿ. ಅಲ್ಲಿ ಮೆತ್ತಗಾದ ಕೂಡಲೇ ಬಾಯಿಗೆ ಕೊಡಿ.

ಇನ್ನು ಹಿಡಿಯುವ ರೀತಿ. ಗಂಟು ಕಂಕುಳ ಬದಿಗಿರುವುದರಿಂದ ಮಡಿಲಲ್ಲಿ ಅಡ್ಡ ಮಲಗಿಸುವ ಬದಲು ಕಂಕುಳಡಿಯ ಹಿಡಿತ ಮಾಡಿ ನೋಡಿ. ಬಲ ಪಕ್ಕಕ್ಕೆ ದಿಂಬಿಟ್ಟು ಕೂಸನ್ನು ಮಲಗಿಸಿ. ಕಾಲು ನಿಮ್ಮ ಬೆನ್ನಿನ ಕಡೆಗೆ, ಮೈ ನಿಮ್ಮ ತೋಳಿನಡಿಗೆ, ಕತ್ತು ನಿಮ್ಮ ಬಲ ಅಂಗೈಯಲ್ಲಿ. ಈಗ ಅದರ ಗದ್ದ ಗಂಟಿನ ಕಡೆಗಿರುತ್ತದೆ, ಆ ಭಾಗದ ಹಾಲು ಚೆನ್ನಾಗಿ ಇಳಿಯುತ್ತದೆ. ಬಾಯಿ ದೊಡ್ಡದಾಗಿ ತೆರೆದಾಗ ಕಪ್ಪು ಭಾಗವೂ ಸೇರುವಂತೆ ಹತ್ತಿರ ಎಳೆದುಕೊಳ್ಳಿ. ತೊಟ್ಟಷ್ಟೇ ಸಿಕ್ಕರೆ ಚೀಪುತ್ತದೆ, ಹಾಲು ಬಾರದು. ಗುಟುಕು ನುಂಗುವ ಸದ್ದು ಕೇಳಿಸಬೇಕು. ಕೂಸು ಕೇಳಿದಾಗೆಲ್ಲ ಎರಡೂ ಎದೆ ಕೊಡಿ. ಖಾಲಿ ಮಾಡಲೆಂದು ಪದೇ ಪದೇ ಪಂಪ್ ಹಾಕಿದರೆ ಹಾಲು ಇನ್ನೂ ಹೆಚ್ಚಿ ಮತ್ತೆ ಬಿಗಿಯುತ್ತದೆ.

ಹೀಗೆ ಮಾಡಿದರೂ ಒಂದು ದಿನದಲ್ಲಿ ನೋವು ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಚಳಿ ನಡುಕ ಬಂದರೆ, ಗಂಟಿನ ಮೇಲೆ ಚರ್ಮ ಕೆಂಪೇರುತ್ತಾ ಹೋದರೆ ಅಷ್ಟೂ ಕಾಯದೆ ಅಂದೇ ಹೋಗಿ. ಚಿಗಟೇರಿ ಜಿಲ್ಲಾ ಆಸ್ಪತ್ರೆ ನಿಮ್ಮೂರಲ್ಲೇ ಇದೆ. ಹಾಲು ಕುಡಿಸುತ್ತಿದ್ದೇನೆ ಎಂದು ಹೇಳಿದರೆ ಅದಕ್ಕೆ ಹೊಂದುವ ಮಾತ್ರೆ ಬರೆಯುತ್ತಾರೆ. ಜ್ವರ ಇಳಿಯಿತೆಂದು ನಡುವೆ ಬಿಡದೆ, ಹೇಳಿದಷ್ಟು ದಿನ ನುಂಗಿ, ಕೂಸಿಗೂ ಕುಡಿಸುತ್ತಿರಿ. ಮಾತ್ರೆ ಶುರುವಾಗಿ ಎರಡು ದಿನವಾದರೂ ಜ್ವರ ನಿಲ್ಲದಿದ್ದರೆ ಒಳಗೆ ಕೀವು ಕಟ್ಟಿರಬಹುದು, ಸ್ಕ್ಯಾನ್ ಮಾಡಿಸಬೇಕು. ಜ್ವರ, ನೋವು ಇಲ್ಲದೆ ಗಂಟು ಮಾತ್ರ ಎರಡು ವಾರವಾದರೂ ಹಾಗೇ ಉಳಿದರೂ ಸ್ಕ್ಯಾನ್ ಬೇಕೇ ಬೇಕು.