ನಕಲಿ ತುಪ್ಪದ ಪ್ಯಾಕೆಟ್: ಸೀಲ್, ಬ್ಯಾಚ್ ನಂಬರ್ ಮತ್ತು ಮುದ್ರಣ ಹೇಳುವುದೇನು

ಪ್ರಶ್ನೆ: ನಮ್ಮ ಬಡಾವಣೆಯ ಅಂಗಡಿಯಲ್ಲಿ ಹೆಸರಾಂತ ಕಂಪನಿಯ ತುಪ್ಪ ಎಂಆರ್‌ಪಿಗಿಂತ ತುಂಬಾ ಕಡಿಮೆಗೆ ಸಿಗುತ್ತಿದೆ. ಪ್ಯಾಕೆಟ್ ನೋಡಿಯೇ ಅಸಲಿಯೋ ನಕಲಿಯೋ ಹೇಳಬಹುದೇ? ಜೇನುತುಪ್ಪ, ಮಸಾಲೆಗೂ ಅದೇ ಪರೀಕ್ಷೆ ನಡೆಯುತ್ತದೆಯೇ?

ಆಹಾರ ಪದಾರ್ಥಗಳ ಪ್ಯಾಕಿಂಗ್ ವಿಭಾಗದಲ್ಲಿ ಕೆಲವು ವರ್ಷ ತಪಾಸಣೆಯ ಕೆಲಸ ಮಾಡಿದ್ದೇನೆ. ಹೇಳಬಹುದು, ಆದರೆ ಮೊದಲು ಎರಡು ಬಗೆಯ ಮೋಸಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದು, ಗುಜರಿಯಿಂದ ತಂದ ಅಸಲಿ ಡಬ್ಬ ಅಥವಾ ಬಾಟಲಿಗೆ ಬೇರೆ ಮಾಲು ತುಂಬುವುದು. ಇಲ್ಲಿ ಮುದ್ರಣವೆಲ್ಲ ನಿಜವಾದದ್ದೇ ಆಗಿರುವುದರಿಂದ ಸೀಲ್ ಮಾತ್ರ ಸಾಕ್ಷಿ ಹೇಳುತ್ತದೆ. ಇನ್ನೊಂದು, ಪ್ಯಾಕೆಟ್ಟನ್ನೇ ಹೊಸದಾಗಿ ಅಚ್ಚು ಹಾಕಿಸುವುದು. ಇಲ್ಲಿ ಸೀಲ್ ಚೆನ್ನಾಗಿಯೇ ಇರಬಹುದು, ಸಿಕ್ಕಿಬೀಳುವುದು ಬ್ಯಾಚ್ ನಂಬರಿನಲ್ಲಿ. 2021ರ ಡಿಸೆಂಬರ್‌ನಲ್ಲಿ ಮೈಸೂರಿನ ಹತ್ತಿರದ ಹೊಸಹುಂಡಿಯಲ್ಲಿ ನಂದಿನಿ ಹೆಸರಿನ ನಕಲಿ ತುಪ್ಪದ ಘಟಕ ಪತ್ತೆಯಾದ ಮೇಲೆ ನಮ್ಮ ಕಡೆ ಎಲ್ಲರೂ ತುಪ್ಪದ ಬಣ್ಣ, ವಾಸನೆ ನೋಡತೊಡಗಿದರು. ನಾನಂತೂ ಪ್ಯಾಕೆಟ್ಟಿನ ಹಿಂಬದಿಯನ್ನು ಮೊದಲು ನೋಡುತ್ತೇನೆ.

ಅಡುಗೆ ಕಂಟ್ರಾಕ್ಟ್ ಮಾಡುವ ನನ್ನ ಭಾವ ಒಮ್ಮೆ ಅರ್ಧ ಲೀಟರಿನ ಆರು ಪ್ಯಾಕೆಟ್ ತುಪ್ಪ ತಂದು ಮುಂದಿಟ್ಟರು. ಮೂರನ್ನು ಒಂದು ಅಂಗಡಿಯಲ್ಲಿ, ಉಳಿದ ಮೂರನ್ನು ತಿಂಗಳ ನಂತರ ಬೇರೊಂದು ಅಂಗಡಿಯಲ್ಲಿ ಕೊಂಡದ್ದು. ಆರರಲ್ಲೂ ಒಂದೇ ಬ್ಯಾಚ್, ಒಂದೇ ತಾರೀಖು, ಅದರ ಪಕ್ಕದಲ್ಲಿ 14:32 ಎಂಬ ಒಂದೇ ಸಮಯ. ಒಂದೇ ರಟ್ಟಿನ ಪೆಟ್ಟಿಗೆಯಿಂದ ತೆಗೆದ ಪ್ಯಾಕೆಟ್‌ಗಳಲ್ಲಿ ಒಂದೇ ನಿಮಿಷ ಇರುವುದು ಸಹಜ, ಏಕೆಂದರೆ ತುಂಬುವ ಯಂತ್ರ ನಿಮಿಷಕ್ಕೆ ಹಲವು ಪ್ಯಾಕೆಟ್ ಇಳಿಸುತ್ತದೆ. ಆದರೆ ಎರಡು ಅಂಗಡಿಗಳಲ್ಲಿ, ತಿಂಗಳ ಅಂತರದಲ್ಲಿ ಕೊಂಡವುಗಳಲ್ಲಿ ಅದೇ ನಿಮಿಷ ಕಾಣಿಸಿದರೆ ಅನುಮಾನಪಡಲೇಬೇಕು. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದಾಗ ಆರರಲ್ಲೂ 3ರ ಅಂಕಿಯ ಕೆಳಗಿನ ಬಾಲ ಒಂದೇ ಜಾಗದಲ್ಲಿ ಮುರಿದಿತ್ತು.

ಇದೇಕೆ ಮುಖ್ಯವೆಂದರೆ, ಕಾರ್ಖಾನೆಯಲ್ಲಿ ಚಿತ್ರ ಮತ್ತು ಹೆಸರು ಮೊದಲೇ ರೋಲ್‌ನಲ್ಲಿ ಅಚ್ಚಾಗಿ ಬಂದಿರುತ್ತವೆ, ತಾರೀಖು ಮತ್ತು ಬ್ಯಾಚನ್ನು ತುಂಬುವ ಹೊತ್ತಿಗೆ ಇಂಕ್‌ಜೆಟ್ ಸಣ್ಣ ಸಣ್ಣ ಚುಕ್ಕೆಗಳಾಗಿ ಮೇಲ್ಮೈಗೆ ಸಿಂಪಡಿಸುತ್ತದೆ. ಹಾಗಾಗಿ ಅಸಲಿ ಪ್ಯಾಕೆಟ್‌ಗಳಲ್ಲಿ ಈ ಸಾಲು ಒಂದರಲ್ಲಿ ತುಸು ಮೇಲೆ, ಇನ್ನೊಂದರಲ್ಲಿ ತುಸು ಓರೆಯಾಗಿ ಇರುತ್ತದೆ. ಜನ ಇದನ್ನೇ ನಕಲಿಯ ಗುರುತೆಂದು ತಿಳಿಯುವುದು ಶುದ್ಧ ತಪ್ಪು. ಎಲ್ಲ ಪ್ಯಾಕೆಟ್‌ಗಳಲ್ಲೂ ಕೂದಲೆಳೆಯಷ್ಟೂ ಅಲುಗದೆ ನಿಂತಿದ್ದರೇ ಅದು ಚಿತ್ರದ ಜೊತೆಯಲ್ಲೇ ಅಚ್ಚಾಗಿರಬಹುದು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ಒರೆಸಿದೆ. ಇಂಕ್‌ಜೆಟ್ ಶಾಯಿ ಹರಡಬೇಕಿತ್ತು, ಹರಡಲಿಲ್ಲ. ಅಕ್ಷರಗಳು ಮೇಲಿನ ಪದರದ ಒಳಗಿದ್ದವು. ಕೆಲವು ಕಂಪನಿಗಳು ಲೇಸರ್‌ನಿಂದ ಸುಟ್ಟು ಬರೆಯುತ್ತವೆ, ಅದೂ ಅಳಿಸುವುದಿಲ್ಲ. ಆದ್ದರಿಂದ ಕಂಪನಿಯ ಸ್ವಂತ ಮಳಿಗೆಯಲ್ಲಿ ಕೊಂಡ ಒಂದು ಪ್ಯಾಕೆಟ್ಟನ್ನು ಪಕ್ಕದಲ್ಲಿಟ್ಟುಕೊಳ್ಳದೆ ತೀರ್ಪು ಕೊಡಬೇಡಿ.

ಚಿತ್ರದ ಮುದ್ರಣದಲ್ಲಿ ನೋಡಬೇಕಾದದ್ದು ಚಿಕ್ಕ ಅಕ್ಷರಗಳ ಅಂಚು. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಅಂಚಿನಲ್ಲಿ ನೀಲಿ ಅಥವಾ ಗುಲಾಬಿ ನೆರಳು ಕಾಣುತ್ತದೆ. ಇದು ಅಸಲಿಯಲ್ಲೂ ಅಪರೂಪಕ್ಕೆ ಆಗುವುದರಿಂದ ಇದೊಂದನ್ನೇ ನಂಬಬಾರದು. ಭಾವನ ಪ್ಯಾಕೆಟ್‌ಗಳಲ್ಲಿ ಆ ನೆರಳಿನ ಜೊತೆಗೆ, ಚಿತ್ರದ ಮೇಲಂಚಿನಿಂದ ಸೀಲ್‌ವರೆಗಿನ ಅಂತರವೂ ಒಂದೊಂದರಲ್ಲಿ ಒಂದೊಂದು ರೀತಿ ಇತ್ತು. ಕಾರ್ಖಾನೆಯ ಯಂತ್ರ ರೋಲ್ ಅಂಚಿನ ಗುರುತನ್ನು ಸೆನ್ಸರ್‌ನಿಂದ ನೋಡಿ ಕತ್ತರಿಸುತ್ತದೆ. ಕೈಯಿಂದ ಕತ್ತರಿಸಿದರೆ ಆ ಅಂತರ ಓಲಾಡುತ್ತದೆ.

ಮರುತುಂಬಿದ ಮಾಲಿಗೆ ಸೀಲ್ ನೋಡಿ. ಜೇನಿನ ಬಾಟಲಿಯಲ್ಲಿ ಮುಚ್ಚಳದಡಿಯ ಅಲ್ಯೂಮಿನಿಯಂ ಹಾಳೆ ಬಾಯಿಯ ಸುತ್ತ ಒಂದೇ ಸಮ ಅಂಟಿರಬೇಕು. ಹಳೆಯ ಹಾಳೆಯ ಚೂರು ಅಂಚಿನಲ್ಲಿ ಉಳಿದು ಅದರ ಮೇಲೆ ಹೊಸತು ಕೂತಿದ್ದರೆ ಅದನ್ನು ಕೊಳ್ಳಬೇಡಿ. ಮಸಾಲೆ ಪೊಟ್ಟಣದಲ್ಲಿ ಗೆರೆಗೆರೆಯಾದ ಅಗಲ ಸೀಲಿನ ಪಕ್ಕದಲ್ಲೇ ಕೈಯಂತ್ರದ ತೆಳುವಾದ ಇನ್ನೊಂದು ನಯವಾದ ಗೆರೆ ಕಂಡರೆ ಅದನ್ನು ಒಮ್ಮೆ ಬಿಚ್ಚಿ ಮುಚ್ಚಿದ್ದಾರೆ. ರಟ್ಟಿನ ಪೆಟ್ಟಿಗೆಯ ಮೇಲಿನ ಬ್ಯಾಚ್ ಮತ್ತು ಒಳಗಿನ ಪೊಟ್ಟಣದ ಬ್ಯಾಚ್ ಹೊಂದುತ್ತವೆಯೇ ಎಂಬುದನ್ನೂ ನೋಡಿ.

ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆಯನ್ನು foscos.fssai.gov.in ತಾಣದಲ್ಲಿ ಹುಡುಕಬಹುದು, ಆದರೆ ನಕಲಿಯವರು ಅಸಲಿ ಸಂಖ್ಯೆಯನ್ನೇ ಅಚ್ಚು ಹಾಕುವುದರಿಂದ ಅದು ಸಿಕ್ಕಿತೆಂದು ಸಮಾಧಾನಪಡುವಂತಿಲ್ಲ. ತುಪ್ಪದಲ್ಲಿ ವನಸ್ಪತಿ ಇದೆಯೇ, ಜೇನಿನಲ್ಲಿ ಸಕ್ಕರೆ ಪಾಕ ಇದೆಯೇ ಎಂಬುದನ್ನಂತೂ ಯಾವ ಸೀಲೂ ಹೇಳುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಬಿಲ್ ಮತ್ತು ಬಿಚ್ಚದ ಒಂದು ಪ್ಯಾಕೆಟ್ಟನ್ನು ಇಟ್ಟುಕೊಂಡಿರಿ. ಭಾವ ಐದನ್ನು ಬಿಚ್ಚಿಬಿಟ್ಟಿದ್ದರು, ಅಂಗಡಿಯವರಿಂದ ಬಿಲ್ಲನ್ನೂ ಪಡೆದಿರಲಿಲ್ಲ. ಹಾಗಾಗಿ ದೂರು ಬರೆಯಲು ಕೂತಾಗ ಕೈಯಲ್ಲಿದ್ದದ್ದು ಆ ಒಂದೇ ಪ್ಯಾಕೆಟ್ ಮತ್ತು ನನ್ನ ಮೊಬೈಲಿನ ಚಿತ್ರಗಳು.