ಮೇಲ್‌ನಲ್ಲಿ ‘ಇಲ್ಲ’ ಎನ್ನದವರ ಉತ್ತರ

ಪುಣೆ ಬಳಿಯ ಚಾಕಣದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಮಾರಾಟ ನೋಡಿಕೊಳ್ಳುವ ಶೈಲಜಾ (ಹೆಸರು, ವಿವರ ಬದಲಿಸಿದ್ದೇನೆ) ಧಾರವಾಡದ ಕಡೆಯವರು. ಪುಣೆಯಲ್ಲಿ ಕನ್ನಡದಲ್ಲೇ ಮನಸ್ಸು ಬಿಚ್ಚಬಹುದು ಎಂದು ಆಪ್ತಸಲಹೆಗೆ ನನ್ನ ಬಳಿ ಬಂದಿದ್ದರು. ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ಮೇಲ್ ತೆರೆಯಲು ಭಯ.

“ಜಪಾನಿನವರು ಒಪ್ಪ್ಯಾರ ಅಂತ ಸಾಹೇಬ್ರಿಗೆ ಹೇಳಿಬಿಟ್ಟೆ, ಮೇಡಂ. ಈಗ ಅವರು ಉತ್ತರಾನೇ ಕೊಡವಲ್ರು. ನಾನು ಸುಳ್ಳು ಹೇಳಿದಂಗ ಆತು.”

ಉಕ್ಕಿನ ಬೆಲೆ ಏರಿದ್ದರಿಂದ ಒಂದು ಬ್ರಾಕೆಟ್‌ಗೆ ಶೇ. 4ರಷ್ಟು ದರ ಹೆಚ್ಚಿಸಿ ಎಂದು ಇವರು ಜಪಾನಿನ ಗ್ರಾಹಕ ಕಂಪನಿಗೆ ಬರೆದಿದ್ದರು. ನಿಮ್ಮ ಪರಿಸ್ಥಿತಿ ಅರ್ಥವಾಗುತ್ತದೆ, ಒಳಗೆ ಚರ್ಚಿಸಿ ಸಕಾರಾತ್ಮಕವಾಗಿ ಪರಿಶೀಲಿಸುತ್ತೇವೆ ಎಂದು ಅಲ್ಲಿನ ಖರೀದಿ ಅಧಿಕಾರಿ ಉತ್ತರಿಸಿದ್ದರು. ಆ ಹೆಚ್ಚಳವನ್ನು ಸಾಹೇಬರು ಬಜೆಟ್‌ಗೇ ಸೇರಿಸಿಬಿಟ್ಟರು. ಎರಡನೆಯ ಉತ್ತರದಲ್ಲಿ, ಪರಿಸ್ಥಿತಿ ಸ್ವಲ್ಪ ಕಷ್ಟವಾಗಿದೆ, ವೆಚ್ಚ ಇಳಿಕೆಗೆ ನಿಮ್ಮ ಸಹಕಾರ ಹೀಗೇ ಇರಲಿ ಎಂದಿತ್ತು. ಮೂರನೆಯದನ್ನು ಬರೆದದ್ದು ಒಬ್ಬ ಕಿರಿಯರು. ಅದರಲ್ಲಿ ಪೆಟ್ಟಿಗೆಗೆ ಅಂಟಿಸುವ ಲೇಬಲ್‌ನ ಮಾತಿತ್ತು, ದರದ ಸುದ್ದಿಯೇ ಇರಲಿಲ್ಲ. ತಾಳ್ಮೆಗೆಟ್ಟ ಶೈಲಜಾ, ಹೌದೋ ಅಲ್ಲವೋ ಇಂದೇ ತಿಳಿಸಿ ಎಂದು ಬರೆದು ಆ ಅಧಿಕಾರಿಯ ಮೇಲಿನವರಿಗೂ ಸಿಸಿ ಹಾಕಿದರು. ಆಮೇಲೆ ಮೌನ.

ಇವರಿಗಾದ ನೋವಿನ ಮೂಲ, ತನ್ನನ್ನು ಆಟವಾಡಿಸಿದರು ಎಂಬ ಭಾವನೆ. ಮೊದಲು ಅದನ್ನೇ ಮಾತಿಗೆತ್ತಿಕೊಂಡೆ. ಹೆಣ್ಣು ನೋಡಿ ಹೋದವರು “ಮನ್ಯಾಗ ಮಾತಾಡಿ ತಿಳಿಸ್ತೀವ್ರಿ” ಎಂದು ಹೋಗಿ ಸುಮ್ಮನಾದರೆ ನಿಮ್ಮ ತಾಯಿ ಅದನ್ನು ಮೋಸ ಎನ್ನುತ್ತಾರೆಯೇ ಎಂದು ಕೇಳಿದೆ. ಅವರಿಗೆ ನಗು ಬಂತು. ಎದುರಿನವರ ಮರ್ಯಾದೆ ಉಳಿಸಲು ಹಾಗೆ ಹೇಳುತ್ತಾರೆ ಎಂಬುದು ಅವರಿಗೆ ಗೊತ್ತಿದ್ದದ್ದೇ.

ಆದರೆ ನಿಧಾನವೆಲ್ಲ ನಿರಾಕರಣೆಯಲ್ಲ, ಇಲ್ಲಿ ಎಚ್ಚರ ಬೇಕು. ಜಪಾನಿನ ಅನೇಕ ಕಂಪನಿಗಳಲ್ಲಿ ಪ್ರಸ್ತಾವದ ಕಾಗದ ಹಲವು ವಿಭಾಗಗಳನ್ನು ಸುತ್ತಿ, ಒಬ್ಬೊಬ್ಬರ ಮುದ್ರೆ ಪಡೆದು ಮೇಲೇರುತ್ತದೆ. ಅದಕ್ಕೂ ಮುಂಚೆ ಸಂಬಂಧಪಟ್ಟವರನ್ನು ಖಾಸಗಿಯಾಗಿ ಮಾತಾಡಿಸಿ ಒಪ್ಪಿಸಬೇಕು. ಇದಕ್ಕೆ ವಾರಗಳೇ ಹಿಡಿಯುತ್ತವೆ. ಹಾಗಾದರೆ ಗುರುತಿಸುವುದು ಹೇಗೆ? ಅದೇ ಅಧಿಕಾರಿ ಬೇರೆ ವಿಷಯಗಳಿಗೆ ಬರೆದ ಹಳೆಯ ಮೇಲ್‌ಗಳನ್ನು ತರಲು ಹೇಳಿದೆ. ಬ್ರಾಕೆಟ್‌ನ ನಕಾಶೆ ಬದಲಾದಾಗ ಅವರು ಬರೆದ ಮೇಲ್‌ನಲ್ಲಿ ಅದರ ಅಂಚಿನಲ್ಲಿ ಉಳಿಯುವ ಚೂಪು ಏಣು, ಅಂದರೆ ಬರ್, ಎಷ್ಟು ಮಿಲಿಮೀಟರ್ ಇರಬಹುದು ಎಂಬ ಪ್ರಶ್ನೆ, ಫೋಟೋ, ಶುಕ್ರವಾರದೊಳಗೆ ಕಳಿಸಿ ಎಂಬ ಗಡುವು ಎಲ್ಲ ಇತ್ತು. ಕೆಲಸ ಮುಂದೆ ಹೋಗಬೇಕಾದಾಗ ಈ ಮನುಷ್ಯ ಬರೆಯುವ ರೀತಿ ಅದು. ದರದ ಮೇಲ್‌ಗಳಲ್ಲಿ ದಿನಾಂಕವಿಲ್ಲ, ಪ್ರಶ್ನೆಯೂ ಇಲ್ಲ. ದರ ಏರಿಕೆಯ ಕಾಗದ ಒಳಗೆ ಓಡಾಡುತ್ತಿದ್ದರೆ ಉಕ್ಕಿನ ಪಾಲೆಷ್ಟು, ಕೂಲಿ ಎಷ್ಟು ಎಂಬ ವಿವರ ಅವರಿಗೇ ಬೇಕಾಗುತ್ತಿತ್ತು. ಕೇಳಿಲ್ಲವೆಂದರೆ ಕಾಗದ ಬಹುಶಃ ಹೊರಟೇ ಇಲ್ಲ. ವೆಚ್ಚ ಇಳಿಸಲು ಸಹಕರಿಸಿ ಎಂಬ ವಾಕ್ಯವೇ ಅವರ ಉತ್ತರ. ಸೌಜನ್ಯದ ಪದಗಳನ್ನು ತೂಗುವುದಕ್ಕಿಂತ ಹೀಗೆ ಅದೇ ವ್ಯಕ್ತಿಯ ಎರಡು ಬಗೆಯ ಮೇಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುವುದನ್ನು ನಾನು ಹೆಚ್ಚು ನಂಬುತ್ತೇನೆ. ಜಪಾನಿನವರಲ್ಲೂ ಖಡಾಖಂಡಿತವಾಗಿ ಬರೆಯುವವರಿದ್ದಾರೆ.

ಸಿಸಿ ಹಾಕಿದ್ದು ಹೆಚ್ಚು ಹಾನಿ ಮಾಡಿತ್ತು. ಹೇಳಲಾರದ ‘ಇಲ್ಲ’ವನ್ನು ತನ್ನ ಮೇಲಿನವರ ಎದುರೇ ಹೇಳು ಎಂದು ಆ ಅಧಿಕಾರಿಯನ್ನು ಒತ್ತಿದಂತಾಗಿತ್ತು. ಹಾಗಾಗಿ ಹೊಸ ಮೇಲ್ ಅವರೊಬ್ಬರಿಗೇ ಹೋಗಲಿ ಎಂದೆ. ಒತ್ತಾಯಿಸಿದ್ದಕ್ಕೆ ಚಿಕ್ಕದೊಂದು ಕ್ಷಮೆ. ಶೇ. 4ರ ಬದಲು ಉಕ್ಕಿನ ಏರಿಕೆಯಷ್ಟನ್ನೇ ಕೇಳುವ ಲೆಕ್ಕದ ಪಟ್ಟಿ. ಕೊನೆಗೆ ಈ ಸಾಲು: “ಈ ಅರ್ಧವರ್ಷದಲ್ಲಿ ಕಷ್ಟವಾದರೆ ಮುಂದಿನ ದರ ಪರಿಷ್ಕರಣೆಯಲ್ಲಿ ನೋಡೋಣ. ಹಾಗಿದ್ದಲ್ಲಿ ಎಂದಿನ ಸರಬರಾಜಿನ ಶೆಡ್ಯೂಲ್ ಕಳಿಸಿದರೆ ಸಾಕು, ಇದಕ್ಕೆ ಬೇರೆ ಉತ್ತರ ಬೇಡ.” ಬರೆಯಲಾಗದ್ದನ್ನು ಬಾಯಲ್ಲಿ ಹೇಳುವುದು ಅವರಿಗೂ ಸುಲಭ, ಹಾಗಾಗಿ ಕೆಲವು ದಿನ ಬಿಟ್ಟು ಒಂದು ಫೋನ್ ಕೂಡ ಮಾಡಿ ಎಂದೆ.

ಫೋನಿನಲ್ಲಿ ಆ ಅಧಿಕಾರಿ, ಈ ಅರ್ಧವರ್ಷ ಆಗುವುದಿಲ್ಲ ಎಂಬುದನ್ನು ಸಾಕಷ್ಟು ಸ್ಪಷ್ಟವಾಗಿಯೇ ಹೇಳಿದರು. ಮರುದಿನ ಬಂದ ಮೇಲ್‌ನಲ್ಲಿ ಒಂದು ಪ್ರಶ್ನೆ: ಉಕ್ಕಿನ ದರಕ್ಕೆ ಯಾವ ತಿಂಗಳನ್ನು ಆಧಾರವಾಗಿ ಹಿಡಿದಿದ್ದೀರಿ? ಆ ಪ್ರಶ್ನೆ ಬಂದದ್ದರಿಂದ ಉಕ್ಕಿನ ಪಾಲಿಗೆ ಬಾಗಿಲು ತೆರೆದಿದೆ ಎಂದು ನಾವು ಓದಿಕೊಂಡೆವು.

ಸಾಹೇಬರಿಗೆ ಹೇಗೆ ಹೇಳುವುದು ಎಂಬುದು ಉಳಿದಿತ್ತು. “ಶೇ. 4 ಸಿಗುವುದಿಲ್ಲ. ಉಕ್ಕಿನ ಪಾಲಿನ ಬಗ್ಗೆ ಅವರು ವಿವರ ಕೇಳಿದ್ದಾರೆ, ಇನ್ನೂ ಒಪ್ಪಿಲ್ಲ” ಎಂದು ಬರೆದು, ಬಜೆಟ್‌ನಿಂದ ಆ ಮೊತ್ತ ತೆಗೆಯಲು ಕೇಳಿ ಎಂದೆ. ಇನ್ನು ಮುಂದೆ ವಾರದ ವರದಿಯಲ್ಲಿ ದಿನಾಂಕ ಮತ್ತು ಮೊತ್ತ ಎರಡೂ ಬರಹದಲ್ಲಿ ಬರುವ ತನಕ ಯಾವುದನ್ನೂ ‘ಒಪ್ಪಿದೆ’ ಎಂಬ ಸಾಲಿಗೆ ಸೇರಿಸುವುದಿಲ್ಲ ಎಂದು ಶೈಲಜಾ ತಾವೇ ನಿರ್ಧರಿಸಿದರು.