ಅಪ್ಪನಿಗೆ ಬರೆಯುವ ಚೀಟಿ: ‘ಓದುವುದಿಲ್ಲ’ ಮತ್ತು ‘ಓದಲಾರದು’

“ಅಪ್ಪನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ತುಂಬಿದರೆ ನನಗೆ ಮೇಲ್ ಬರುವಂತೆ ಕ್ರಾನ್ ಸ್ಕ್ರಿಪ್ಟ್ ಹಾಕಿದ್ದೇನೆ. ತಮ್ಮ ಪತ್ರಗಳನ್ನೆಲ್ಲ ನಾನು ಓದುತ್ತೇನೆಂದು ಅವರಿಗೆ ಅನುಮಾನ. ಹೇಗೆ ವಿವರಿಸಲಿ?”

ಅವರ ಅನುಮಾನ ನ್ಯಾಯವಾದದ್ದೇ. ಸ್ಕ್ರಿಪ್ಟ್ ಅವರದೇ ಖಾತೆಯಲ್ಲಿ ಓಡುತ್ತಿದ್ದರೆ, ಅವರು ತೆರೆಯಬಲ್ಲ ಕಡತಗಳನ್ನೆಲ್ಲ ಅದೂ ತೆರೆಯಬಲ್ಲದು. ತೆರೆಯುತ್ತಿಲ್ಲ ಎಂಬುದು ನಿಮ್ಮ ಮಾತು ಮಾತ್ರ. ಹಾಗಾಗಿ ಚೀಟಿ ಬರೆಯುವ ಮೊದಲು ಸ್ಕ್ರಿಪ್ಟನ್ನು ನಿರ್ವಾಹಕ ಅಧಿಕಾರವಿಲ್ಲದ ಬೇರೊಂದು ಖಾತೆಗೆ ವರ್ಗಾಯಿಸಿ, ಅಪ್ಪನ ಕಡತಕೋಶಕ್ಕೆ ಬೀಗ ಹಾಕಿ:

```
chmod 700 /home/appa
df --output=pcent /home
```

ಎರಡನೆಯ ಸಾಲು ಒಳಗಿನ ಒಂದು ಕಡತವನ್ನೂ ಮುಟ್ಟದೆ, ಎಷ್ಟು ಪ್ರತಿಶತ ತುಂಬಿದೆ ಎಂಬುದನ್ನಷ್ಟೇ ಕೊಡುತ್ತದೆ. ಆಮೇಲೆ ಹೀಗೆ ಬರೆಯಬಹುದು:

“ಅಪ್ಪಾ, ಇದು ದಿನವೂ ಬೆಳಿಗ್ಗೆ 9 ಗಂಟೆಗೆ ಡಿಸ್ಕ್ ಎಷ್ಟು ತುಂಬಿದೆ ಎಂದು ನೋಡುತ್ತದೆ. 90 ದಾಟಿದ್ದರೆ, ಭಾನುವಾರವಾದರೆ ದಾಟದಿದ್ದರೂ, ‘92%’ ಎಂಬಂಥ ಒಂದು ಸಂಖ್ಯೆ ನನಗೆ ಬರುತ್ತದೆ. ನಿಮ್ಮ ಪತ್ರ, ಫೋಟೊ, ಅವುಗಳ ಹೆಸರು ಕೂಡ ಇದಕ್ಕೆ ಕಾಣುವುದಿಲ್ಲ. ಏನನ್ನೂ ಅಳಿಸುವುದಿಲ್ಲ, ಜಾಗ ಬೇಕಾದರೆ ನಿಮ್ಮನ್ನು ಕೇಳಿಯೇ ತೆಗೆಯುತ್ತೇನೆ. ಡಿಸ್ಕ್ ಕೆಡುತ್ತಿದ್ದರೆ ಇದಕ್ಕೆ ತಿಳಿಯದು, ಬ್ಯಾಕಪ್ಪನ್ನೂ ಇದು ಮಾಡದು.”

ಕೊನೆಯ ವಾಕ್ಯವನ್ನು ದಯವಿಟ್ಟು ಬಿಡಬೇಡಿ. ನನ್ನ ಅಮ್ಮ ‘ಮಗ ನೋಡಿಕೊಳ್ಳುತ್ತಿದ್ದಾನೆ’ ಎಂದು ನಂಬಿ ಫೋಟೊಗಳ ಪ್ರತಿ ಇಡುವುದನ್ನೇ ನಿಲ್ಲಿಸಿದ್ದರು.

ಇನ್ನೊಂದು ವಿಷಯ, ಇದು ನಿಮಗೆ: 9 ಗಂಟೆಗೆ ಲ್ಯಾಪ್‌ಟಾಪ್ ಆಫ್ ಆಗಿದ್ದರೆ ಕ್ರಾನ್ ಆ ದಿನದ ಕೆಲಸವನ್ನು ಬಿಟ್ಟುಬಿಡುತ್ತದೆ. ಮೇಲ್ ಬರಲಿಲ್ಲವೆಂದರೆ ಎಲ್ಲ ಸರಿಯಿದೆ ಎಂದಲ್ಲ. ಪ್ರತಿ ಭಾನುವಾರ ಸಂಖ್ಯೆ ಎಷ್ಟೇ ಇರಲಿ, ಒಂದು ಮೇಲ್ ಬರುವಂತೆ ಮಾಡಿ; ಅದು ಬಾರದಿದ್ದರೆ ಅಪ್ಪನಿಗೆ ಫೋನ್ ಮಾಡಿ.